ಹೆಸರು ಇಡುವ ಮೊದಲು ಕರೆಯುವ ಬಾಯಿ ಎಣಿಸಿ

ಪ್ರಶ್ನೆ: ಪುಣೆಯಲ್ಲಿ ನೆಲೆಸಿದ ಧಾರವಾಡ ಕಡೆಯ ಕೂಡು ಕುಟುಂಬದ ಮೇಲೆ ಸಿಟ್‌ಕಾಂ ಬರೀತಿದ್ದೀನಿ. ಮನೆಯಲ್ಲಿ ಒಂಬತ್ತು ಜನ. ಅಜ್ಜ ರಾಘವೇಂದ್ರ, ಅಜ್ಜನ ತಂಗಿ ಗಿರಿಜಾ, ಗಂಡುಮಕ್ಕಳು ರಮೇಶ, ಸುರೇಶ, ಗಿರೀಶ (ಇವನಿಗೆ ಮದುವೆ ಆಗಿಲ್ಲ), ಸೊಸೆಯರು ಸುಮಾ ಮತ್ತು ರಮಾ, ಮೊಮ್ಮಕ್ಕಳು ಸಮರ್ಥ (ರಮೇಶ-ಸುಮಾ ಮಗ) ಮತ್ತು ಸಾನ್ವಿ (ಸುರೇಶ-ರಮಾ ಮಗಳು). ಗೆಳೆಯರಿಗೆ ಓದಿ ಹೇಳಿದರೆ ಯಾರು ಯಾರು ಅಂತ ಕೊನೆವರೆಗೂ ಗೊತ್ತಾಗಲಿಲ್ಲ ಅಂದರು. ಕಿವಿಗೆ ಬಿದ್ದ ಕೂಡಲೇ ನೆನಪಾಗುವ ಹಾಗೆ ಹೆಸರು ಇಡೋದು ಹೇಗೆ?

ಉತ್ತರ:

ಮೊದಲು ಒಂದು ಚೌಕುಳಿ ಹಾಳೆ ತಗೊಳ್ಳಿ. ಎಡಗಡೆ ಒಂಬತ್ತು ಜನರ ಹೆಸರು, ಮೇಲುಗಡೆ ಅದೇ ಒಂಬತ್ತು ಹೆಸರು. ತನ್ನನ್ನು ತಾನು ಕರೆದುಕೊಳ್ಳುವ ಚೌಕ ಬಿಟ್ಟರೆ 72 ಉಳಿಯುತ್ತವೆ. ಒಂದೊಂದರಲ್ಲೂ ಈ ಮನುಷ್ಯ ಆ ಮನುಷ್ಯನನ್ನು ಬಾಯಲ್ಲಿ ಏನೆಂದು ಕರೆಯುತ್ತಾನೆ ಎನ್ನುವುದನ್ನು ಬರೆಯಿರಿ. ಒಂದು ಸಂಜೆಯ ಕೆಲಸ. ನಾನು ಡೊಂಬಿವಲಿಯಲ್ಲಿದ್ದು ಮುಂಬೈಯ ಹವ್ಯಾಸಿ ತಂಡಗಳಿಗೆ ಹಾಸ್ಯ ನಾಟಕ ಬರೆಯುವವನು. ಹೆಸರಿನ ವಿಷಯದಲ್ಲಿ ಈ ಹಾಳೆ ಕೊಡುವಷ್ಟು ಉತ್ತರ ಬೇರೆ ಯಾವುದೂ ಕೊಡುವುದಿಲ್ಲ.

ಯಾಕೆಂದರೆ ನಮ್ಮ ಮನೆಗಳಲ್ಲಿ ಹೆಸರು ಹಿಡಿದು ಕರೆಯುವುದು ಬಹಳ ಕಡಿಮೆ. ನಿಮ್ಮ ಅಜ್ಜನನ್ನೇ ನೋಡಿ. ಗಂಡುಮಕ್ಕಳಿಗೆ ಅವರು ಅಪ್ಪ, ಸೊಸೆಯರಿಗೆ ಮಾವ, ಮೊಮ್ಮಕ್ಕಳಿಗೆ ಅಜ್ಜ, ತಂಗಿಗೆ ಅಣ್ಣ. ರಾಘವೇಂದ್ರ ಅನ್ನುವ ಹೆಸರು ಮನೆಯೊಳಗೆ ಯಾರ ಬಾಯಲ್ಲೂ ಬರುವುದಿಲ್ಲ. ಅದು ಎಷ್ಟು ಚೆನ್ನಾಗಿದ್ದರೂ ನೋಡುವವರಿಗೆ ಕೇಳಿಸುವುದು ಕರೆಂಟ್ ಬಿಲ್ ಓದುವ ದೃಶ್ಯದಲ್ಲಿ ಮಾತ್ರ. ರಮೇಶನದೂ ಹೆಚ್ಚುಕಡಿಮೆ ಇದೇ ಕಥೆ. ಹೆಂಡತಿ ‘ರೀ’ ಅನ್ನುತ್ತಾಳೆ, ತಮ್ಮಂದಿರು ‘ಅಣ್ಣಾ’, ಚಿಕ್ಕ ಸೊಸೆ ‘ಭಾವಾ’, ಮಕ್ಕಳು ‘ಅಪ್ಪಾ’, ‘ದೊಡ್ಡಪ್ಪಾ’. ಹೆಸರು ಹಿಡಿಯುವವರು ಅಜ್ಜ ಮತ್ತು ಅಜ್ಜನ ತಂಗಿ, ಎರಡೇ ಬಾಯಿ. ಅದೇ ಸಮರ್ಥ, ಸಾನ್ವಿಗೆ ಬನ್ನಿ: ಮನೆಯ ಉಳಿದ ಎಂಟೂ ಬಾಯಿ ಅವರನ್ನು ಹೆಸರಿನಿಂದಲೇ ಕರೆಯುತ್ತವೆ, ಅದೂ ದಿನಕ್ಕೆ ಇಪ್ಪತ್ತು ಸಲ.

ಹಾಗಾಗಿ ಹೆಸರಿಡುವ ಕೆಲಸ ಕಿರಿಯರಿಂದ ಶುರುವಾಗಬೇಕು. ಬಹಳ ಜನ ಅಜ್ಜನಿಂದ ಶುರುಮಾಡಿ ಒಳ್ಳೊಳ್ಳೆಯ ಸದ್ದುಗಳನ್ನೆಲ್ಲ ದೊಡ್ಡವರಿಗೆ ಖರ್ಚು ಮಾಡಿ, ಮಕ್ಕಳ ಹೊತ್ತಿಗೆ ಉಳಿದದ್ದನ್ನು ಹಚ್ಚಿಬಿಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಇರುವುದೂ ಮಕ್ಕಳ ಹತ್ತಿರವೇ. ಸಮರ್ಥನನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ‘ಸಮೂ’ ಆಗುತ್ತಾನೆ. ಸಾನ್ವಿ ‘ಸಾನೂ’ ಆಗುತ್ತಾಳೆ. ಈಗ ಅಡುಗೆಮನೆಯಿಂದ ಒಬ್ಬರು ಸಮೂ ಎಂದು, ಇನ್ನೊಬ್ಬರು ಸಾನೂ ಎಂದು ಕೂಗಲಿ. ಮ ಮತ್ತು ನ ಎರಡೂ ಮೂಗಿನಿಂದ ಬರುವ ಸದ್ದು, ಸ್ವಲ್ಪ ದೂರದಿಂದ ಕೇಳಿದರೆ ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಕಾಗದದ ಮೇಲೆ ಏನೂ ಹೋಲಿಕೆ ಇಲ್ಲದ ಎರಡು ಹೆಸರು, ಮುದ್ದಿಗೆ ಮೊಟಕಾದ ಮೇಲೆ ಒಂದೇ ಆದವು.

ಎರಡನೆಯದು, ಕನ್ನಡದಲ್ಲಿ ಹೆಸರಿನ ಬಾಲ ನಂಬುವಂಥದ್ದಲ್ಲ. ಕರೆಯುವಾಗ ಕೊನೆಯ ಸ್ವರ ಎಳೆದು ಹೋಗುತ್ತದೆ, ವಾಕ್ಯದಲ್ಲಿ ಬಂದಾಗ ಅದರ ಮೇಲೆ ವಿಭಕ್ತಿ ಹತ್ತಿ ಕೂರುತ್ತದೆ. ನಿಮ್ಮ ಗಿರೀಶ, ಗಿರಿಜಾ ಇಬ್ಬರನ್ನು ಧಾರವಾಡದ ಮಾತಿನಲ್ಲಿ ಹೇಳಿ ನೋಡಿ: ‘ಗಿರೀಶಗ ಹೇಳು’, ‘ಗಿರಿಜಾಗ ಹೇಳು’. ಬೇಗ ಹೇಳಿದರೆ ನಡುವಿನ ಒಂದಕ್ಷರದ ಮೇಲೆ ಇಡೀ ದೃಶ್ಯ ನಿಂತಿದೆ. ಅತ್ತೆಗೆ ಹೇಳಿದರೋ ಮೈದುನನಿಗೆ ಹೇಳಿದರೋ ಎಂದು ನೋಡುಗ ಯೋಚಿಸುವಷ್ಟರಲ್ಲಿ ಮುಂದಿನ ನಗೆಮಾತು ದಾಟಿ ಹೋಗಿರುತ್ತದೆ.

ಪುಣೆ, ಮುಂಬೈಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಮರಾಠಿ ಗೆಳೆಯರು ಗಂಡುಹುಡುಗರ ಹೆಸರನ್ನು ಅರ್ಧಕ್ಕೆ ಮುರಿದು ‘ಯಾ’ ಹಚ್ಚುತ್ತಾರೆ, ಗಣೇಶ ಗಣ್ಯಾ ಆಗುತ್ತಾನೆ. ನಮ್ಮ ಉತ್ತರ ಕರ್ನಾಟಕದವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ದಿನೇಶ, ವಿನಾಯಕ ಎಂದು ಇಬ್ಬರಿದ್ದರೆ ಬರಹದಲ್ಲಿ ಯಾವ ಗೊಂದಲವೂ ಇಲ್ಲ. ಸೊಸೈಟಿಯ ಗೇಟಿನಲ್ಲಿ ನಿಂತು ಕೂಗಿದಾಗ ದಿನ್ಯಾ, ವಿನ್ಯಾ ಆಗುತ್ತಾರೆ. ಪುಣೆಯ ಕಥೆ ಎಂದಮೇಲೆ ಈ ಮುರಿತ ಬಂದೇ ಬರುತ್ತದೆ, ಆದ್ದರಿಂದ ಪ್ರತಿ ಗಂಡು ಹೆಸರನ್ನೂ ‘ಯಾ’ ಹಚ್ಚಿ ಒಮ್ಮೆ ಕೂಗಿ ನೋಡಿ.

ಬಾಲ ಹೋಗುವುದೇ ಹೌದಾದರೆ ವ್ಯತ್ಯಾಸವೆಲ್ಲ ತಲೆಯಲ್ಲಿರಬೇಕು, ಅಂದರೆ ಮೊದಲ ಅಕ್ಷರದಲ್ಲಿ. ಅದರಲ್ಲೂ ವ್ಯಂಜನ ಬೇರೆಯಾದರೆ ಸಾಲದು, ಅದಕ್ಕೆ ಹತ್ತಿದ ಸ್ವರವೂ ಬೇರೆಯಾಗಬೇಕು. ದೂರಕ್ಕೆ ಹೋಗುವುದು ಸ್ವರವೇ. ಬ ಮತ್ತು ಭ, ದ ಮತ್ತು ಧ ಇವನ್ನು ಬೇರೆ ಎಂದು ಲೆಕ್ಕ ಹಿಡಿಯಬೇಡಿ, ಆಡುಮಾತಿನಲ್ಲಿ ಮಹಾಪ್ರಾಣ ಉಳಿಯುವುದು ಅಪರೂಪ. ಸ, ಶ ಕೂಡ ಒಂದೇ ಲೆಕ್ಕ. ಸಕಾರದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಫೋನಿನಲ್ಲಿ ಮಾತಾಡುವ ದೃಶ್ಯಕ್ಕೆ ಧ್ವನಿಯವರು ಹಳೆಯ ಟೆಲಿಫೋನಿನ ಪಟ್ಟಿಗೆ, ಸುಮಾರು 300ರಿಂದ 3400 ಹರ್ಟ್ಸ್ ಒಳಗೆ, ದನಿಯನ್ನು ಕತ್ತರಿಸುತ್ತಾರೆ. ಸಕಾರದ ಸುಯ್ ಸದ್ದಿನ ಹೆಚ್ಚಿನ ಪಾಲು ಅದಕ್ಕಿಂತ ಮೇಲಿದೆ. ಅಲ್ಲಿ ಸುಮಾ ಎಂದರೆ ಉಮಾ ಎಂದಂತೆ ಕೇಳಿಸಿದರೆ ನಟಿಯ ತಪ್ಪಲ್ಲ.

ಈಗ ನಿಮ್ಮ ಮನೆಗೆ ಬರೋಣ. ನಾನಾದರೆ ಹೀಗೆ ಮಾಡುತ್ತಿದ್ದೆ.

ಹುಡುಗನಿಗೆ ಓಂಕಾರ, ಹುಡುಗಿಗೆ ಚಾರು. ಓ ಎಂದು ಶುರುವಾಗುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ, ಓಮೂ ಅನ್ನಲಿ ಓಮ್ಯಾ ಅನ್ನಲಿ ಆ ಓ ಉಳಿಯುತ್ತದೆ. ಚಾರು ಮೊದಲೇ ಎರಡಕ್ಷರ, ಯಾರೂ ಇನ್ನು ಮೊಟಕು ಮಾಡಲಾರರು.

ಮದುವೆಯಾಗದ ಗಿರೀಶನನ್ನು ಕೃಷ್ಣ ಮಾಡಿ ಎಲ್ಲರಿಂದ ಕಿಟ್ಟಿ ಎಂದು ಕರೆಸಿ. ಮಕ್ಕಳ ನಂತರ ಅತಿ ಹೆಚ್ಚು ಬಾಯಿ ಕರೆಯುವುದು ಇವನನ್ನೇ: ಅಪ್ಪ, ಸೋದರತ್ತೆ, ಇಬ್ಬರು ಅಣ್ಣಂದಿರು, ಅತ್ತಿಗೆಯರು. ಒತ್ತಕ್ಷರದ ಹೆಸರು ಮಾತಿನ ನಡುವೆ ಎಡವಿದ ಹಾಗೆ ಕೇಳಿಸುತ್ತದೆ, ಅದೇ ಅದರ ಗುಣ. ಮಕ್ಕಳ ಬಾಯಲ್ಲಿ ‘ಕಿಟ್ಟಿ ಕಾಕಾ’, ಎರಡೂ ಪದ ಕಕಾರದಿಂದ ಶುರುವಾಗಿ ಹೆಸರು ಮತ್ತು ಸಂಬಂಧ ಒಟ್ಟಿಗೆ ಅಂಟುತ್ತವೆ.

ಗಿರಿಜಾ ಪಾತ್ರ ಕಷ್ಟದ್ದು. ಅಜ್ಜನಿಗೆ ತಂಗಿ, ಮಕ್ಕಳಿಗೆ ಸೋದರತ್ತೆ, ಮೊಮ್ಮಕ್ಕಳಿಗೆ ಅಜ್ಜಿ. ಒಂದೊಂದು ಬಾಯಲ್ಲಿ ಒಂದೊಂದು ಸಂಬಂಧ, ನೋಡುವವರಿಗೆ ಮೂರು ಬೇರೆ ಹೆಂಗಸರಿದ್ದಂತೆ. ಇಂಥವರಿಗೆ ಸಂಬಂಧದ ಮುಂದೆ ಹೆಸರು ಹೆಣೆಯುವ ಹಾಗಿರಬೇಕು. ಅಂಬಾಬಾಯಿ ಅನ್ನಿ. ಅಜ್ಜ ಅಂಬೂ ಅನ್ನಲಿ, ಮಕ್ಕಳು ಸೊಸೆಯರು ಅಂಬತ್ತೆ ಅನ್ನಲಿ, ಮೊಮ್ಮಕ್ಕಳು ಅಂಬಜ್ಜಿ. ಮೂರರಲ್ಲೂ ‘ಅಂಬ’ ಹಾಗೇ ನಿಂತಿದೆ, ಎರಡನೇ ದೃಶ್ಯಕ್ಕೇ ಗುರುತು ಸಿಕ್ಕಿಬಿಡುತ್ತದೆ.

ಅಣ್ಣತಮ್ಮಂದಿರಿಗೆ ರಮೇಶ, ಸುರೇಶ ಎಂದು ಪ್ರಾಸ ಇರುವುದು ನಿಜ ಜೀವನಕ್ಕೆ ಹತ್ತಿರ, ಒಪ್ಪುತ್ತೇನೆ. ಆದರೂ ಈಶ ಒಂದೇ ಸಾಕು. ಸುರೇಶ ಇರಲಿ, ಹಿರಿಯನನ್ನು ಪ್ರಹ್ಲಾದ ಮಾಡಿ. ಅವನ ಪೂರ್ತಿ ಹೆಸರು ಹೇಳುವವರು ಯಾರೂ ಇಲ್ಲ, ಅಜ್ಜನ ಬಾಯಲ್ಲಿ ಅವನು ಪಲ್ಯಾ. ಅಜ್ಜ ಪಡಸಾಲೆಯಿಂದ ‘ಪಲ್ಯಾ ಎಲ್ಲಿ?’ ಅಂತಾರೆ, ಒಳಗಿನಿಂದ ಸೊಸೆ ‘ಇನ್ನೂ ಒಲಿ ಮ್ಯಾಲೆ ಅದ’ ಅಂತಾಳೆ. ಮೊದಲ ಕಂತಿನಲ್ಲಿ ಈ ಒಂದು ಮಾತಿಗೆ ಅವನ ಹೆಸರು ಮರೆಯದಂತೆ ಕೂರುತ್ತದೆ. ಆದರೆ ಒಂದೇ ಸಲ. ಹೆಸರಿನ ಮೇಲಿನ ನಗೆ ಬೇಗ ಹಳಸುತ್ತದೆ. ಮೂರನೇ ಕಂತಿನಲ್ಲೂ ಅದನ್ನೇ ತಂದರೆ ಜನ ಪಾತ್ರವನ್ನು ಬಿಟ್ಟು ಬರೆದವನನ್ನು ನೋಡಲು ಶುರುಮಾಡುತ್ತಾರೆ.

ಸೊಸೆಯರಲ್ಲಿ ರಮಾ ಇರಲಿ, ಸುಮಾ ಬೇಡ. ಹಿರಿಯಳಿಗೆ ವೈದೇಹಿ ಎಂದಿಡಿ. ಒಂದು ‘ರ’ದಿಂದ, ಇನ್ನೊಂದು ‘ವೈ’ಯಿಂದ ಶುರುವಾಗುತ್ತದೆ. ಕಿಟ್ಟಿ ಇಬ್ಬರು ಅತ್ತಿಗೆಯರಿಗೂ ವೈನಿ ಅನ್ನಬೇಕಾದವನು, ಅಲ್ಲಿ ತೊಡಕು ಬರುತ್ತದೆ. ಬರಿಯ ‘ವೈನಿ’ ಹಿರಿಯಳಿಗೆ ಮೀಸಲಿಡಿ, ವೈದೇಹಿಯ ‘ವೈ’ ಜೊತೆ ಅದು ತಾನಾಗಿ ಕೂಡಿಕೊಳ್ಳುತ್ತದೆ. ಚಿಕ್ಕವಳು ಯಾವಾಗಲೂ ‘ರಮಾವೈನಿ’. ಅಜ್ಜನ ಹೆಸರು ರಾಘವೇಂದ್ರ ಹಾಗೇ ಇರಲಿ, ಕೇಳಿಸದ ಹೆಸರು ಯಾರಿಗೂ ಅಡ್ಡಬರುವುದಿಲ್ಲ.

ಹೆಸರು ಸರಿಯಾದರೂ ಸಂಬಂಧದ ಮಾತು ಡಿಕ್ಕಿ ಹೊಡೆಯುತ್ತದೆ, ಹಾಳೆ ತುಂಬಿದಾಗ ಕಾಣುತ್ತದೆ. ಕಿಟ್ಟಿ ‘ಅಪ್ಪಾ’ ಎಂದರೆ ಅಜ್ಜ ತಿರುಗಬೇಕು, ಓಂಕಾರ ‘ಅಪ್ಪಾ’ ಎಂದರೆ ಪ್ರಹ್ಲಾದ, ಚಾರು ಅಂದರೆ ಸುರೇಶ. ಮೂವರೂ ಒಂದೇ ಕೋಣೆಯಲ್ಲಿದ್ದಾಗ ಕ್ಯಾಮೆರಾ ಹೊರಗಿನಿಂದ ಬಂದ ಕೂಗು ಯಾರಿಗೆ? ಪುಣೆಯಲ್ಲಿ ಹುಟ್ಟಿ ಮರಾಠಿ ಗೆಳೆಯರ ನಡುವೆ ಬೆಳೆದ ಮೊಮ್ಮಕ್ಕಳು ತಂದೆಯನ್ನು ‘ಬಾಬಾ’ ಅನ್ನಲಿ. ‘ಅಪ್ಪಾ’ ಅಜ್ಜನಿಗೊಬ್ಬರಿಗೇ ಉಳಿಯುತ್ತದೆ. ತಲೆಮಾರಿನ ಅಂತರವೂ ಬೇರೆ ವಿವರಣೆ ಇಲ್ಲದೆ ಕೇಳಿಸುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ಕಥೆ ಗೊತ್ತಿಲ್ಲದ ಇಬ್ಬರನ್ನು ಕೂರಿಸಿ. ಒಬ್ಬರು ಧಾರವಾಡದ ಕಡೆಯವರು, ಇನ್ನೊಬ್ಬರು ಮಂಗಳೂರು ಅಥವಾ ಮೈಸೂರಿನ ಕಡೆಯವರಾದರೆ ಒಳ್ಳೆಯದು. ಮುಂಬೈ, ಪುಣೆಯ ಕನ್ನಡ ಪ್ರೇಕ್ಷಕರು ಹಾಗೇ ಬೆರೆತಿರುತ್ತಾರೆ, ‘ವೈನಿ’ ಅಂದರೆ ಅತ್ತಿಗೆ ಎಂದು ಅವರಲ್ಲಿ ಅರ್ಧ ಜನಕ್ಕೆ ಮೊದಲ ಸಲ ಕೇಳಿದಾಗ ಹೊಳೆಯುವುದಿಲ್ಲ. ನೀವು ಪಕ್ಕದ ಕೋಣೆಯಲ್ಲಿ ನಿಂತು, ಬಾಗಿಲು ಅರ್ಧ ಮುಚ್ಚಿ, ಮೊದಲ ಎರಡು ದೃಶ್ಯಗಳ ಸಂಭಾಷಣೆ ಮಾತ್ರ ಓದಿ. ಮಾತಾಡುವವರ ಹೆಸರು ಹೇಳಬೇಡಿ. ಆಮೇಲೆ ಹೆಸರು ಕೇಳಬೇಡಿ, ‘ಕಿಟ್ಟಿ ಯಾರ ಮಗ, ರಮಾ ಯಾರ ಹೆಂಡತಿ’ ಎಂದು ಕೇಳಿ. ಉತ್ತರ ತಡವಾದರೆ ಮೊದಲು ಹೆಸರನ್ನು ದೂರಬೇಡಿ, ಆ ದೃಶ್ಯದಲ್ಲಿ ಆ ಪಾತ್ರವನ್ನು ಯಾರಾದರೂ ಕರೆದರಾ ಎಂದು ಹಾಳೆ ನೋಡಿ. ಬಹಳ ಸಲ ಕರೆದೇ ಇರುವುದಿಲ್ಲ. ಇಬ್ಬರನ್ನು ಅದಲುಬದಲು ಮಾಡಿ ಹೇಳಿದರೆ ಮಾತ್ರ ಹೆಸರಿನ ತೊಂದರೆ, ಆಗ ಆ ಇಬ್ಬರಲ್ಲಿ ಕಡಿಮೆ ಬಾಯಿ ಕರೆಯುವವರ ಹೆಸರು ಬದಲಿಸಿ.

ಹೊರಗಿನವರಿಗೆ ಹೆಸರು ಹುಡುಕುತ್ತಾ ಕೂರಬೇಡಿ. ವಾಚ್‌ಮನ್, ದೂಧ್‌ವಾಲಾ, ಎದುರುಮನೆ ಕಾಕೂ ಅಂದರೆ ಸಾಕು. ಆ ಕಾಕೂ ಬಾಗಿಲಲ್ಲಿ ನಿಂತು ‘ಓಮ್ಯಾ, ಸುರ್ಯಾ’ ಎಂದು ನಿಮ್ಮ ಮನೆಯವರ ಹೆಸರು ಕೂಗಲಿಕ್ಕೆ ಬೇಕಾದವಳು, ಅವಳ ಹೆಸರು ಕಂತು ಎಷ್ಟಾದರೂ ಬೇಕಾಗುವುದಿಲ್ಲ.