ಡ್ಯೂಟಿ ಪಟ್ಟಿಯ ಫೋಟೋ, 49 ಚೌಕಗಳ ಲೆಕ್ಕ

ಪ್ರಶ್ನೆ: ಉಡುಪಿಯ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಆಫೀಸ್ ಕೆಲಸ ನನ್ನದು. ಕೈಯಲ್ಲಿ ಬರೆದ ವಾರದ ಡ್ಯೂಟಿ ಪಟ್ಟಿಯ ಫೋಟೋ ವಾಟ್ಸಾಪ್‌ಗೆ ಬರುತ್ತದೆ. ಅದನ್ನು ಹೆಸರು, ದಿನ, ಶಿಫ್ಟ್ ಅಂತ ಟೇಬಲ್ ಮಾಡುವುದು ಹೇಗೆ? ಫೋನಿನಲ್ಲಿ ಟೆಕ್ಸ್ಟ್ ಕಾಪಿ ಮಾಡಿದರೆ ಎಲ್ಲ ಕಲಸಿಹೋಗುತ್ತದೆ.

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದೇನೆ. ಕಲಸಿಹೋಗಲು ಕಾರಣ ಖಾಲಿ ಚೌಕಗಳು. ಫೋನು ಅಕ್ಷರ ಕಂಡಲ್ಲಿ ಮಾತ್ರ ಓದುತ್ತದೆ. ನಡುವೆ ಒಂದು ಚೌಕದಲ್ಲಿ ಬಾಣದ ಗೆರೆ ಮಾತ್ರ ಇದ್ದರೆ ಅದನ್ನು ಬಿಟ್ಟುಬಿಡುತ್ತದೆ. ಆಗ ಗುರುವಾರದ ಶಿಫ್ಟ್ ಬುಧವಾರಕ್ಕೆ ಬಂದು ಕೂರುತ್ತದೆ. ಮೇಲಿನದೇ ಕೆಳಗೂ ಅನ್ನುವುದಕ್ಕೆ ಹಾಕುವ ಎರಡು ಸಣ್ಣ ಗೆರೆ 11 ಆಗಿಬಿಡುತ್ತದೆ. ಹಾಗಾಗಿ ಫೋನಿನಿಂದ ಹೆಸರುಗಳನ್ನು ಮಾತ್ರ ಕಾಪಿ ಮಾಡಿ. ಶಿಫ್ಟ್‌ಗಳನ್ನು ಕೈಯಲ್ಲೇ ಟೈಪ್ ಮಾಡಿ. 7 ಜನ, 7 ದಿನ ಅಂದರೆ 49 ಅಕ್ಷರ, ಅಷ್ಟೇ ಅಲ್ವಾ?

ಹೆಸರಿನಲ್ಲೂ ಒಂದು ಎಚ್ಚರ. ನಮ್ಮ ಕಡೆ 'ಪ್ರತಿಮಾ ಎಸ್.' ಅಂದರೆ ಶೆಟ್ಟಿ ಇರಬಹುದು, ಸಾಲಿಯಾನ್ ಇರಬಹುದು, ಸುವರ್ಣ ಇರಬಹುದು. ಒಂದೇ ಹೆಸರಿನ ಇಬ್ಬರಿದ್ದರೆ ಪೂರ್ತಿ ಹೆಸರು ಕೇಳಿಯೇ ಬರೆಯಿರಿ.

ಗೂಗಲ್ ಶೀಟ್‌ನಲ್ಲಿ A2ರಿಂದ A8ರವರೆಗೆ ಹೆಸರು, B1ರಿಂದ H1ರವರೆಗೆ ದಿನ. ನಡುವೆ ಬೆಳಗ್ಗೆಗೆ M, ಸಂಜೆಗೆ E, ರಾತ್ರಿಗೆ N, ರಜೆಗೆ O. ಸೊನ್ನೆ ಹಾಕಬೇಡಿ, ಅಕ್ಷರವೇ ಇರಲಿ, ಇಲ್ಲದಿದ್ದರೆ ರಜೆಯ ಲೆಕ್ಕ ತಪ್ಪುತ್ತದೆ. ಓದಲಾಗದ ಚೌಕಕ್ಕೆ ಊಹೆ ಮಾಡಬೇಡಿ, ? ಹಾಕಿ ಮುಂದೆ ಹೋಗಿ.

ಇನ್ನು ಮುಖ್ಯ ಕೆಲಸ, ಸರಿ ಇದೆಯಾ ಅಂತ ನೋಡುವುದು. ಪಟ್ಟಿ ಬರೆದವರಿಗೂ ಒಂದು ಲೆಕ್ಕ ಇರುತ್ತದೆ. ನಮ್ಮಲ್ಲಿ ದಿನಕ್ಕೆ ಬೆಳಗ್ಗೆ 2, ಸಂಜೆ 2, ರಾತ್ರಿ 2, ರಜೆ 1 ಇತ್ತು. ಒಬ್ಬೊಬ್ಬರಿಗೆ ವಾರಕ್ಕೆ ಒಂದು ರಜೆ. ನಿಮ್ಮಲ್ಲಿ ಎಷ್ಟು ಅಂತ ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಆಮೇಲೆ ಮೊದಲ ಸೂತ್ರವನ್ನು B10ರಲ್ಲಿ ಹಾಕಿ H10ರವರೆಗೆ ಎಳೆಯಿರಿ. ಎರಡನೆಯದನ್ನು I2ರಲ್ಲಿ ಹಾಕಿ I8ರವರೆಗೆ ಎಳೆಯಿರಿ.

```
=COUNTIF(B$2:B$8,"N")
=COUNTIF($B2:$H2,"O")
```

B11ರಿಂದ ಕೆಳಗೆ M, E, Oಗಳಿಗೂ ಹೀಗೆಯೇ ಎಣಿಸಿ.

ಒಂದು ವಾರ ನನಗೆ ಗುರುವಾರದ ಕಾಲಂನಲ್ಲಿ N 1 ಬಂತು, O 2 ಬಂತು. ಅಡ್ಡಸಾಲು ನೋಡಿದರೆ ಒಬ್ಬ ಸಿಸ್ಟರ್‌ಗೆ ಮಾತ್ರ ಎರಡು ರಜೆ, ಗುರುವಾರ ಮತ್ತು ಶುಕ್ರವಾರ. ಎರಡೂ ಲೆಕ್ಕ ಒಂದೇ ಚೌಕವನ್ನು ತೋರಿಸುತ್ತಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ. ಸೋಮವಾರದ N ಇಂದ ಹೊರಟ ಬಾಣ ಗುರುವಾರದವರೆಗೆ ಹೋಗಿತ್ತು. ಮಳೆಗಾಲದ ತೇವಕ್ಕೆ ಶಾಯಿ ಹರಡಿ ಬಾಣದ ತುದಿ ಮಾಸಿತ್ತು. ನಾನು ಬುಧವಾರಕ್ಕೇ ನಿಲ್ಲಿಸಿ ಗುರುವಾರಕ್ಕೆ O ಹಾಕಿದ್ದೆ. ಗಮನಿಸದೆ ಕಳಿಸಿದ್ದರೆ ಆ ರಾತ್ರಿ ವಾರ್ಡಿನಲ್ಲಿ ಒಬ್ಬರೇ ಇರುತ್ತಿದ್ದರು.

ಆದರೆ ಈ ಲೆಕ್ಕಕ್ಕೆ ಸಿಗದ ತಪ್ಪು ಒಂದಿದೆ. ಫೋಟೋ ಓರೆಯಾಗಿದ್ದರೆ ಕಣ್ಣು ಕೆಳಗಿನ ಸಾಲಿಗೆ ಜಾರುತ್ತದೆ. ಒಬ್ಬರ M ಇನ್ನೊಬ್ಬರ E ಜೊತೆ ಅದಲುಬದಲಾಗುತ್ತದೆ. ಆಗ ದಿನದ ಮೊತ್ತವೂ ಸರಿ, ರಜೆಯೂ ಸರಿ. ಹೀಗಾಗಿ ಫೋಟೋವನ್ನು ಮೊದಲೇ ನೆಟ್ಟಗೆ ತಿರುಗಿಸಿ, ಅಂಚು ಕತ್ತರಿಸಿಕೊಳ್ಳಿ. ಟೈಪ್ ಮುಗಿದ ಮೇಲೆ ಪಕ್ಕದವರೊಬ್ಬರು ಫೋಟೋ ನೋಡಿ ಒಂದೊಂದೇ ಹೆಸರಿನ ಸಾಲು ಓದಲಿ, ನೀವು ಶೀಟ್ ನೋಡಿ. ಐದು ನಿಮಿಷ ಸಾಕು. ರಾತ್ರಿ ಡ್ಯೂಟಿಯ ಮರುದಿನವೇ ಬೆಳಗ್ಗೆ ಡ್ಯೂಟಿ ಬಿದ್ದ ಕಡೆ ಇನ್ನೊಮ್ಮೆ ನೋಡಿ, ಹಾಗೆ ಯಾರೂ ಬೇಕಂತ ಬರೆಯುವುದಿಲ್ಲ. ಕೊನೆಗೆ ಉಳಿದ ? ಚೌಕಗಳನ್ನು ಮಾತ್ರ ಸಿಸ್ಟರ್ ಹತ್ತಿರ ಕೇಳಿ.

ಎಲ್ಲ ಸರಿಯಾದ ಮೇಲೆ ಹೆಸರು, ದಿನ, ಶಿಫ್ಟ್ ಎಂಬ ಮೂರು ಕಾಲಂ ಬೇಕಾದರೆ, ಅದೇ ಶೀಟ್‌ನ ಖಾಲಿ ಜಾಗದಲ್ಲಿ, L2ರಲ್ಲಿ, ಇದನ್ನು ಹಾಕಿ. 49 ಸಾಲು ಬರಬೇಕು.

```
=ARRAYFORMULA(SPLIT(FLATTEN(A2:A8&"|"&B1:H1&"|"&B2:H8),"|"))
```

ದಿನದ ಬದಲು ತಾರೀಕು ಹಾಕಿದ್ದರೆ ಇಲ್ಲಿ ಬರೀ ಸಂಖ್ಯೆ ಕಾಣುತ್ತದೆ. ಆ ಕಾಲಂ ಅನ್ನು ಡೇಟ್ ಫಾರ್ಮ್ಯಾಟ್‌ಗೆ ಬದಲಿಸಿದರೆ ಆಯಿತು. ರಾತ್ರಿ ಡ್ಯೂಟಿಗೆ ಮಾತ್ರ, ಅದು ಶುರುವಾಗುವ ದಿನದ ತಾರೀಕೇ ಇರಲಿ. ಬುಧವಾರ ರಾತ್ರಿ 8ಕ್ಕೆ ಬಂದು ಗುರುವಾರ ಬೆಳಗ್ಗೆ 8ಕ್ಕೆ ಹೋಗುವವರು ಬುಧವಾರದ ಸಾಲಿನಲ್ಲೇ ಇರಬೇಕು. ಇದನ್ನು ಶೀಟ್‌ನ ಮೇಲೆಯೇ ಬರೆದಿಡಿ.