ನಿರಂತರ ದಾಸ್ತಾನು ಪದ್ಧತಿಯಲ್ಲಿ ರಿಯಾಯಿತಿ ಮತ್ತು ವಾಪಸಾತಿ

ಪ್ರಶ್ನೆ: ಪಟ್ಟಿ ಬೆಲೆ 500ರಂತೆ 100 ನಗ ಸಾಲದಲ್ಲಿ ಖರೀದಿ, ವ್ಯಾಪಾರಿ ರಿಯಾಯಿತಿ 20%, ಹತ್ತು ದಿನದೊಳಗೆ ಪಾವತಿಸಿದರೆ ನಗದು ರಿಯಾಯಿತಿ 2%. ಹತ್ತು ನಗ ವಾಪಸ್ ಕಳುಹಿಸಿದ್ದೇನೆ. ದಾಸ್ತಾನು ಖಾತೆಯಲ್ಲಿ ಏನು ಬರೆಯಬೇಕು? ಮಾರಾಟಕ್ಕೂ ಇದೇ ಕ್ರಮವೇ?

ವ್ಯಾಪಾರಿ ರಿಯಾಯಿತಿಗೆ ಲೆಕ್ಕಪುಸ್ತಕದಲ್ಲಿ ಜಾಗವೇ ಇಲ್ಲ. ಅದು ಬೆಲೆ ನಿಗದಿಯಾಗುವ ಹಂತದಲ್ಲೇ ಮುಗಿದುಹೋಗುತ್ತದೆ. ಒಂದು ನಗಕ್ಕೆ 400ರಂತೆ ದಾಸ್ತಾನು ಖಾತೆಗೆ 40,000 ಡೆಬಿಟ್, ಪೂರೈಕೆದಾರರ ಖಾತೆಗೆ ಅಷ್ಟೇ ಕ್ರೆಡಿಟ್.

ವಾಪಸಾತಿಗೂ ಪಟ್ಟಿ ಬೆಲೆಯಲ್ಲ, ಇನ್‌ವಾಯ್ಸ್ ಬೆಲೆಯೇ ಆಧಾರ: ಪೂರೈಕೆದಾರರಿಗೆ 4,000 ಡೆಬಿಟ್, ದಾಸ್ತಾನಿಗೆ 4,000 ಕ್ರೆಡಿಟ್. ನಿರಂತರ ಪದ್ಧತಿಯಲ್ಲಿ ಸರಕಿನ ಪ್ರತಿ ಒಳಬರುವಿಕೆ, ಹೊರಹೋಗುವಿಕೆಯೂ ಆಗಿಂದಾಗಲೇ ದಾಸ್ತಾನು ಖಾತೆಗೇ ಸೇರುವುದರಿಂದ ಖರೀದಿ, ಖರೀದಿ ವಾಪಸಾತಿ ಎಂಬ ಬೇರೆ ಖಾತೆಗಳಿಲ್ಲ.

ಈಗ ಬಾಕಿ 36,000. ಅವಧಿಯೊಳಗೆ ಪಾವತಿಸಿದರೆ ಅದರ 2%, ಅಂದರೆ 720 ಉಳಿಯುತ್ತದೆ. ಪೂರೈಕೆದಾರರಿಗೆ 36,000 ಡೆಬಿಟ್. ನಗದಿಗೆ 35,280 ಮತ್ತು ದಾಸ್ತಾನಿಗೆ 720 ಕ್ರೆಡಿಟ್. ಅನೇಕರು ಇಲ್ಲಿ ಮೂಲ 40,000ದ ಮೇಲೆ ಲೆಕ್ಕ ಹಾಕಿ 800 ಕಳೆಯುತ್ತಾರೆ. ಹಾಗೆ ಕಡಿಮೆ ಕಳುಹಿಸಿದ 80, ಪೂರೈಕೆದಾರರು ಕಳುಹಿಸುವ ಖಾತೆ ವಿವರದಲ್ಲಿ ಬಾಕಿಯಾಗಿ ಎದ್ದು ಕಾಣುತ್ತದೆ. ನಿಮ್ಮ ಲೆಕ್ಕ ಸರಿಯೇ ಎಂದು ತಿಳಿಯಲು ದಾಸ್ತಾನಿನ ಶಿಲ್ಕನ್ನು ಕೈಯಲ್ಲಿರುವ ನಗಗಳಿಂದ ಭಾಗಿಸಿ: 35,280 ಭಾಗಿಸು 90, ನಗಕ್ಕೆ 392. ಇದು 400ರಲ್ಲಿ 2% ಕಳೆದಷ್ಟೇ.

ರಿಯಾಯಿತಿ ಸಿಗುವ ಮೊದಲೇ ಸ್ವಲ್ಪ ಸರಕು ಮಾರಾಟವಾಗಿದ್ದರೆ ಆ ನಗಗಳ ಪಾಲಿನ ರಿಯಾಯಿತಿ ದಾಸ್ತಾನಿಗಲ್ಲ, ಮಾರಾಟವಾದ ಸರಕಿನ ವೆಚ್ಚಕ್ಕೆ ಕ್ರೆಡಿಟ್ ಆಗಬೇಕು. ಪಠ್ಯದ ಲೆಕ್ಕಗಳು ಈ ತೊಡಕನ್ನು ಸಾಮಾನ್ಯವಾಗಿ ಜಾಣತನದಿಂದ ತಪ್ಪಿಸುತ್ತವೆ.

ಮಾರಾಟದ ಕ್ರಮ ಬೇರೆ, ಅಲ್ಲಿ ನಮೂದುಗಳು ಜೋಡಿಯಾಗಿ ಬರುತ್ತವೆ. ಪಾವತಿಯ ನಂತರ 30 ನಗಗಳನ್ನು, ವ್ಯಾಪಾರಿ ರಿಯಾಯಿತಿ ಕಳೆದು 540ರಂತೆ ಸಾಲಕ್ಕೆ ಮಾರಿದಿರಿ ಎನ್ನಿ. ಗ್ರಾಹಕರಿಗೆ 16,200 ಡೆಬಿಟ್, ಮಾರಾಟಕ್ಕೆ ಕ್ರೆಡಿಟ್. ಜೊತೆಗೇ ಮಾರಾಟವಾದ ಸರಕಿನ ವೆಚ್ಚಕ್ಕೆ 11,760 ಡೆಬಿಟ್, ದಾಸ್ತಾನಿಗೆ ಕ್ರೆಡಿಟ್. ಐದು ನಗ ಹಿಂದಿರುಗಿದರೆ ಮತ್ತೆ ಎರಡು: ಮಾರಾಟ ವಾಪಸಾತಿಗೆ 2,700 ಡೆಬಿಟ್, ಗ್ರಾಹಕರಿಗೆ ಕ್ರೆಡಿಟ್, ದಾಸ್ತಾನಿಗೆ 1,960 ಡೆಬಿಟ್, ಸರಕಿನ ವೆಚ್ಚಕ್ಕೆ ಕ್ರೆಡಿಟ್. ಬಂದ ಸರಕು ಒಡೆದಿದ್ದರೆ ಮಾತ್ರ 392ರ ಪೂರ್ಣ ಬೆಲೆಗೆ ಒಳಗೆ ತೆಗೆದುಕೊಳ್ಳಬೇಡಿ, ಮಾರಿದರೆ ಸಿಗಬಹುದಾದ ಮೊತ್ತಕ್ಕೆ ತೆಗೆದುಕೊಳ್ಳಿ.

ಗ್ರಾಹಕರು ಅವಧಿಯೊಳಗೆ ಹಣ ಕೊಟ್ಟು ಅದೇ 2% ಪಡೆದರೆ ಬಾಕಿ 13,500ರ ಮೇಲೆ 270. ನಗದಿಗೆ 13,230, ಮಾರಾಟ ರಿಯಾಯಿತಿಗೆ 270 ಡೆಬಿಟ್. ಗ್ರಾಹಕರಿಗೆ 13,500 ಕ್ರೆಡಿಟ್. ಇಲ್ಲಿ ದಾಸ್ತಾನನ್ನು ಮುಟ್ಟಬೇಡಿ. ನೀವು ಬಿಟ್ಟುಕೊಟ್ಟದ್ದು ಆದಾಯವನ್ನು. ಸರಕು ನಿಮಗೆ ಬಿದ್ದ ವೆಚ್ಚ ಹಾಗೆಯೇ ಇದೆ. ಕೊನೆಗೆ 65 ನಗ, ಖಾತೆಯಲ್ಲಿ 25,480 ಉಳಿಯಬೇಕು.