ದಿನಭವಿಷ್ಯ ನೋಡೋ ಚಟ ಮತ್ತ ನನ್ನ ಭತ್ತದ ಅಂಗಡಿ

ಪ್ರಶ್ನೆ: ದಿನಾ ಬೆಳಿಗ್ಗೆ ರಾಶಿಭವಿಷ್ಯ ನೋಡ್ದೆ ಯಾವ ಕೆಲಸಾನೂ ಶುರು ಮಾಡೋಕೆ ಆಗ್ತಿಲ್ಲ, ಕೆಟ್ಟದಾಗಿ ಬರೆದಿದ್ರೆ ಇಡೀ ದಿನ ಟೆನ್ಷನ್. ಜ್ಯೋತಿಷ್ಯನೇ ಬಿಟ್ಟುಬಿಡಬೇಕಾ?

ಬಿಡೋದ್ ಬ್ಯಾಡ್ರಿ. ನಾನೂ ಬಿಟ್ಟಿಲ್ಲ. ಆದ್ರ ಬೆಳಿಗ್ಗೆ ನೋಡೋದು ಬಿಟ್ಟೀನಿ, ಅದಕ್ಕ ನನಗ ಹತ್ರತ್ರ ಮೂರು ತಿಂಗಳು ಹಿಡೀತು.

ನಂದು ಗಂಗಾವತ್ಯಾಗ ಸಣ್ಣ ದಲ್ಲಾಳಿ ಅಂಗಡಿ, ಭತ್ತದ ವ್ಯವಹಾರ. ಆ ಟೈಮ್‌ನ್ಯಾಗ ನಾನು ಎದ್ದ ಕೂಡ್ಲೆ ಟಿವಿಯಾಗ ಒಂದು ಭವಿಷ್ಯ ಕೇಳ್ತಿದ್ದೆ, ಚಾ ಕುಡಿಯೋವಾಗ ಪೇಪರ್‌ನ್ಯಾಗ ಇನ್ನೊಂದು, ಅಂಗಡಿಗೆ ಬಂದು ಮೊಬೈಲ್‌ನ್ಯಾಗ ಮತ್ತೊಂದು. ಮೂರರಾಗ ಒಂದು ಕೆಟ್ಟದಿದ್ರ ಒಳ್ಳೇದು ಸಿಗೋತನಕ ಹುಡುಕೋದು. ನೀವೂ ಹಂಗ ಮಾಡ್ತೀರೇನು ಒಮ್ಮೆ ನೋಡ್ಕೊಳ್ರಿ, ಯಾಕಂದ್ರ ಗುರುತು ಹಿಡಿಯೋದು ಅಲ್ಲೇ. ಭವಿಷ್ಯ ತಿಳ್ಕೊಳ್ಳೋ ಆಸೆ ಇದ್ದವ್ರು ಒಂದು ಕಡೆ ನೋಡಿ ಸುಮ್ನಾಗ್ತಾರ, ಹೆದ್ರಿಕಿ ಇದ್ದವ್ರು ಸಮಾಧಾನ ಸಿಗೋತನಕ ನೋಡ್ತಾನೇ ಇರ್ತಾರ.

ಒಂದಿನ "ಹಣಕಾಸಿನಲ್ಲಿ ಎಚ್ಚರ, ನಂಬಿದವರಿಂದ ಮೋಸ" ಅಂತ ಬಂದಿತ್ತು. ಅವತ್ತೇ ಕಾರಟಗಿ ಕಡೆ ರೈತರೊಬ್ರು, ಒಂಬತ್ತು ವರ್ಷದಿಂದ ನಮಗೇ ಹಾಕೋರು, ಟ್ರಾಕ್ಟರ್‌ನ್ಯಾಗ 80 ಚೀಲ ಸೋನಾಮಸೂರಿ ತಂದ್ರು, ನಮ್ಮ ಕಡೆ ಚೀಲ ಅಂದ್ರ 75 ಕೆಜಿ. ನಾನು ಹಮಾಲ್ರು ಇಲ್ಲ, ಕಾಟಾ ಕೆಟ್ಟೈತಿ ಅಂತ ಏನೇನೋ ಸುಳ್ಳು ಹೇಳಿ ನಾಳಿ ಬರ್ರಿ ಅಂದೆ. ಅವ್ರು ಒಂದು ತಾಸು ಬಿಸಿಲಾಗ ನಿಂತು ಪಕ್ಕದ ಅಂಗಡಿಗೆ ಹಾಕಿ ಹೋದ್ರು. ಮಜಾ ಏನಂದ್ರ ನನಗ ಲುಕ್ಸಾನ್ ಆತು ಅಂತ ಅನ್ನಿಸ್ಲೇ ಇಲ್ರಿ, ಮೋಸ ತಪ್ಪಿತು ಅಂತ ಅನ್ನಿಸ್ತು, ರಾತ್ರಿ ಆರಾಮ ನಿದ್ದಿ ಬಂತು.

ರೋಗ ಇರೋದು ಆ ನಿದ್ದಿಯೊಳಗೇ ಅಂತ ಆಮ್ಯಾಲೆ ಡಾಕ್ಟ್ರು ಹೇಳಿದ್ರು (ನಾ ಹೋಗಿದ್ದು ಎದಿ ಡವಡವ ಅಂತೈತಿ ಅಂತ, ಇಸಿಜಿ ನಾರ್ಮಲ್ ಬಂತು, ಅಲ್ಲಿಂದ ಮನಸ್ಸಿನ ಡಾಕ್ಟ್ರ ಹತ್ರ ಕಳಿಸಿದ್ರು). ಅವ್ರು ಹೇಳಿದ್ದು ಇಷ್ಟು. ವ್ಯವಹಾರ ಮುಂದಕ್ಕ ಹಾಕಿದ್ರಿ, ಹೆದ್ರಿಕಿ ಇಳೀತು, ಆವಾಗ ಮನಸ್ಸು ಏನ್ ಕಲೀತೈತಿ, ಮುಂದಕ್ಕ ಹಾಕಿದ್ದಕ್ಕೇ ಬಚಾವಾದೆ ಅಂತ. ಆ 80 ಚೀಲ ತಗೊಂಡಿದ್ರ ಏನೂ ಆಗ್ತಿರ್ಲಿಲ್ಲ ಅನ್ನೋದು ನಿಮ್ಮ ಮನಸ್ಸಿಗೆ ಗೊತ್ತಾಗ್ಲಿಕ್ಕೆ ನೀವು ಚಾನ್ಸೇ ಕೊಡ್ಲಿಲ್ಲ. ಹಿಂಗಾಗಿ ಮುಂದಿನ ಸಲ ಸಣ್ಣ ವಿಷಯಕ್ಕೂ ನೋಡ್ಬೇಕಾಗ್ತೈತಿ, ಕಡೀಕ ಕಟಿಂಗ್ ಮಾಡಿಸ್ಕೊಳ್ಳಿಕ್ಕೂ. ನಾ ಆ ಮಟ್ಟಕ್ಕೆ ಬಂದಿದ್ದೆ ಬಿಡ್ರಿ.

ಅವ್ರು ಭವಿಷ್ಯ ಸುಳ್ಳು ಅಂತ ವಾದ ಮಾಡ್ಲಿಲ್ಲ, ನೋಡೋದನ್ನ ತಡ ಮಾಡ್ರಿ ಅಂದ್ರು ಅಷ್ಟೇ. ಮೊದಲ ವಾರ ನೋಡ್ಬೇಕು ಅನ್ನಿಸಿದ ಮ್ಯಾಲೆ ಅರ್ಧ ತಾಸು ಬಿಟ್ಟು ನೋಡೋದು, ಎರಡನೇ ವಾರ ಎರಡು ತಾಸು, ಆಮ್ಯಾಲೆ ರಾತ್ರಿ ಊಟ ಆದ್ಮ್ಯಾಲೇನೇ. ಕಾಯೋವಾಗ ಹೆದ್ರಿಕಿಗೆ ನೂರಕ್ಕ ಎಷ್ಟು ಮಾರ್ಕ್ಸ್ ಅಂತ ಬರೀಬೇಕು. ನಾ ಹಳೇ ಖಾತೆ ಬುಕ್ಕಿನ ಹಿಂದ್ಗಡಿ ಬರೀತಿದ್ದೆ. ಮೊದಲ ದಿನ 9 ಗಂಟೆಗೆ 80 ಇತ್ತು, ಕೈ ಮೊಬೈಲ್ ಕಡೇನೇ ಹೋಗ್ತಿತ್ತು, 9:20ಕ್ಕೆ 85, ಅಂದ್ರ ಏರ್ತು, ಆದ್ರ ಗಿರಾಕಿ ಬಂದ್ರು, ಲೆಕ್ಕದಾಗ ಬಿದ್ದೆ, 10ಕ್ಕ ನೋಡಿದ್ರ 50. ಏನೂ ನೋಡ್ದೇನೇ ಇಳದಿತ್ತು! ಇದನ್ನ ಕಣ್ಣಾರೆ ಬರ್ಕೊಂಡು ನೋಡೋತನಕ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ. ಒಂದು ಮಾತು, ನೀವು ನೋಡೋದು ಬಿಟ್ಟು ಹೆಂಡ್ತಿಗೋ ತಮ್ಮಗೋ "ಇವತ್ತು ನಂದು ಹೆಂಗೈತಿ ಹೇಳು" ಅಂತ ಕೇಳಿದ್ರ ಅದೂ ನೋಡ್ದಂಗೇ ಲೆಕ್ಕ, ನಾ ಒಂದು ವಾರ ಆ ಕಳ್ಳಾಟ ಆಡಿ ಸಿಕ್ಕಿಬಿದ್ದೆ.

ರಾತ್ರಿ ನೋಡೋ ಹಂತಕ್ಕ ಬಂದಾಗ ನಮ್ಮ ಮನಿಯವ್ರು ಒಂದು ಆಟ ಹಚ್ಚಿದ್ರು. ಅವತ್ತಿನ ಪೇಪರ್‌ನ್ಯಾಗಿನ ಮೂರು ರಾಶಿ ಭವಿಷ್ಯ ಹೆಸರು ಹೇಳ್ದೆ ಓದೋದು, ಅದ್ರಾಗ ನಂದೂ ಒಂದು, ನನ್ನ ದಿನಕ್ಕ ಯಾವುದು ಹೊಂದ್ತೈತಿ ಅಂತ ನಾ ಹೇಳ್ಬೇಕು. 14 ದಿನದಾಗ 5 ಸಲ ಕರೆಕ್ಟ್ ಹೇಳಿದೆ. ಮೂರರಾಗ ಒಂದು ಕಣ್ಣು ಮುಚ್ಚಿ ಆರಿಸಿದ್ರೂ ಅಷ್ಟೇ ಬರ್ತಿತ್ತು. ಮತ್ತ ತಪ್ಪು ಆರಿಸಿದ ದಿನಾನೂ ಇದು ನಂದೇ ಅಂತ ಗ್ಯಾರಂಟಿ ಅನ್ನಿಸ್ತಿತ್ತು, ಅದೇ ನನಗ ಭಾಳ ಹೊಡೀತು. 1948ರಾಗ ಅಮೆರಿಕದಾಗ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಇದು ನಿಮ್ಮದೇ ಸ್ವಭಾವ ಅಂತ ಎಲ್ಲರಿಗೂ ಒಂದೇ ಬರಹ ಕೊಟ್ಟಿದ್ರಂತ, ಅದ್ರಾಗಿನ ಮಾತು ಹೆಚ್ಚಿನವು ಅಂಗಡ್ಯಾಗ ಮಾರೋ ಭವಿಷ್ಯದ ಪುಸ್ತಕದ್ದು, ಹುಡುಗ್ರು ಎಷ್ಟು ಸರಿ ಐತಿ ಅಂತ 5ಕ್ಕ ಸರಾಸರಿ 4.26 ಕೊಟ್ಟಿದ್ರು.

ಇನ್ನೊಂದು ನೋಡ್ರಿ. ನನ್ನ ಜಾತಕದಾಗ ಕನ್ಯಾ ರಾಶಿ, ನಮ್ಮ ಪದ್ಧತಿಯಾಗ ರಾಶಿ ಅಂದ್ರ ಹುಟ್ಟಿದಾಗ ಚಂದ್ರ ಇದ್ದ ರಾಶಿ. ಮೊಬೈಲ್‌ನ್ಯಾಗಿನ ಇಂಗ್ಲಿಷ್ ಆಪ್ ಹುಟ್ಟಿದ ತಾರೀಖು ಹಾಕಿಸ್ಕೊಂಡು ನೀನು ವೃಶ್ಚಿಕ ಅಂತು, ಅದು ಸೂರ್ಯನ ಲೆಕ್ಕ. ನಾ ಎಷ್ಟೋ ತಿಂಗಳು ಎರಡನ್ನೂ ಓದಿ ಎರಡಕ್ಕೂ ಹೆದ್ರಿದ್ದೆ.

ಜ್ಯೋತಿಷ್ಯ ಹೆಂಗ ಇಟ್ಕೋಬೇಕು ಅಂದ್ರ, ನನಗ ದಾರಿ ತೋರ್ಸಿದ್ದು ನಮ್ಮೂರಿನ ಐನೋರೇ. ಅವ್ರು ನಕ್ಕು, ಚಂದ್ರ ಒಂದು ರಾಶಿಯಾಗ ಸುಮಾರು ಎರಡೂಕಾಲು ದಿನ ಇರ್ತಾನ, ನಿನ್ನ ಲಗ್ನ ದಶಾ ಯಾವುದೂ ನೋಡ್ದೆ ಊರಾಗಿನ ಕನ್ಯಾ ರಾಶಿಯವ್ರಿಗೆಲ್ಲ ಸೇರಿಸಿ ನಾಕು ಸಾಲು ಬರದ್ರ ಅದನ್ನ ನಂಬಿ ಭತ್ತ ವಾಪಸ್ ಕಳಿಸ್ತೀಯೇನೋ ಅಂದ್ರು. ಈಗ ನಾ ಯುಗಾದಿಗೆ ಗುಡ್ಯಾಗ ಪಂಚಾಂಗ ಕೇಳ್ತೀನಿ, ಆದಾಯ ವ್ಯಯ ಎಷ್ಟಂತ ಎಲ್ಲಾರ ಜೋಡಿ ಕುಂತು ನಗ್ತೀನಿ. ತಂಗಿ ಮದುವಿಗೆ ಮುಹೂರ್ತ ಇಡ್ಸಿದ್ವಿ, ಆದ್ರ ಹುಡುಗನ್ನ ನೋಡಿ ವಿಚಾರಿಸಿ ಒಪ್ಪಿದ ಮ್ಯಾಲೆ. ಮಾಡ್ಬೇಕೋ ಬ್ಯಾಡೋ ಅನ್ನೋದು ನಂದು, ಯಾವ ಗಳಿಗ್ಯಾಗ ಅನ್ನೋದು ಅವ್ರದ್ದು, ಅದೂ ವರ್ಷಕ್ಕ ಒಂದೋ ಎರಡೋ ಸಲ. ದವಾಖಾನಿ, ಔಷಧ, ಆಪರೇಷನ್ ತಾರೀಖಿಗೆ ಮಾತ್ರ ಯಾರನ್ನೂ ಕೇಳಂಗಿಲ್ಲ. ದೋಷ ಐತಿ ಅಂತ ಹೆದರ್ಸಿ ಪೂಜೆಗೆ ರೊಕ್ಕ ಕೇಳೋರ ಹತ್ರ ಎರಡನೇ ಸಲ ಹೋಗಂಗಿಲ್ಲ.

ಅರ್ಧ ತಾಸೂ ತಡ್ಕೊಳ್ಳಿಕ್ಕೆ ಆಗ್ವಲ್ದು, ನಿದ್ದಿ ಇಲ್ಲ, ಕೆಲಸಕ್ಕ ಹೋಗ್ಲಿಕ್ಕೇ ಆಗ್ವಲ್ದು ಅನ್ನಂಗಿದ್ರ ಒಬ್ರೇ ಗುದ್ದಾಡ್ಬ್ಯಾಡ್ರಿ, 14416ಕ್ಕೆ ಫೋನ್ ಹಚ್ರಿ, ಅದು ಸರ್ಕಾರದ ಟೆಲಿ ಮಾನಸ್, ಫ್ರೀ, ಕನ್ನಡದಾಗೇ ಮಾತಾಡ್ತಾರ. ಜನ ಏನಂತಾರ ಅಂತ ನಾಚ್ಕೋಬ್ಯಾಡ್ರಿ, ದೇಶದಾಗ ಈಗ ಇರೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮನ ನಿಮ್ಹಾನ್ಸ್‌ನವ್ರು 1980ರ ದಶಕದಾಗ ಮೊದಲು ಮಾಡಿ ನೋಡಿದ್ದೇ ನಮ್ಮ ಪಕ್ಕದ ಬಳ್ಳಾರಿಯಾಗ.

ನಾಳಿ ಬೆಳಿಗ್ಗೆ ಒಂದೇ ಕೆಲಸ ಮಾಡ್ರಿ. ಯಾವುದರ ಸಣ್ಣ ವಿಷಯ, ತರಕಾರಿ ತರೋದೋ ಯಾರಿಗರ ಫೋನ್ ಮಾಡೋದೋ, ಭವಿಷ್ಯ ನೋಡೋಕ್ಕಿಂತ ಮೊದ್ಲು ಮುಗಿಸಿ ಮಾರ್ಕ್ಸ್ ಬರ್ಕೊಳ್ರಿ. ಎಷ್ಟು ಬಂತು ಅಂತ ಇಲ್ಲೇ ಕೆಳಗ ಹಾಕ್ರಿ, ನನ್ನ ಖಾತೆ ಬುಕ್ಕಿಂದು ನಾನೂ ಹಾಕ್ತೀನಿ.